ಮುಖ ಬದಲಾದ ಚಿತ್ರವೂ ಅಲುಗಾಡುವ ನಂಬಿಕೆಯೂ: ಕಾಲೇಜು ವಿದ್ಯಾರ್ಥಿಗಳಿಗೆ ಮಾಡಿದ ಒಂದು ಭಾಷಣದ ವಿವರಣೆ

ಒಬ್ಬರ ದೇಹದ ಮೇಲೆ ಇನ್ನೊಬ್ಬರ ಮುಖ ಕೂರಿಸಿದ ವಿಡಿಯೊಗಳ ಬಗ್ಗೆ ಪದವಿ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನು 45 ನಿಮಿಷಗಳ ಭಾಷಣ ಮಾಡಿದೆ. ಸಭೆಯಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರಿದ್ದರು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಹಿಂದಿನ ಸಾಲಿನಲ್ಲಿ ಕುಳಿತು ಅವಲೋಕನ ನಮೂನೆ ತುಂಬಿಕೊಂಡರು. ಆ ಭಾಷಣದಲ್ಲಿ ಏನನ್ನು ಹೇಳಿದೆ, ಯಾವುದನ್ನು ಮೊದಲಿಟ್ಟೆ, ಯಾವುದನ್ನು ಬೇಕೆಂದೇ ಬಿಟ್ಟೆ, ಏಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದೇ ವಿಷಯವನ್ನು ತಮ್ಮ ಬೋಧನಾಭ್ಯಾಸದ ತರಗತಿಯಲ್ಲಿ ತೆಗೆದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಉದ್ದೇಶವನ್ನು ಹೇಗೆ ಬರೆದುಕೊಂಡೆ

ಈ ವಿಷಯದ ಮೇಲೆ ಪಾಠಯೋಜನೆ ಬರೆಯಿರಿ ಎಂದರೆ ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಬರೆಯುವ ಮೊದಲ ಉದ್ದೇಶ ‘ವಿದ್ಯಾರ್ಥಿಗಳು ನಕಲಿ ವಿಡಿಯೊವನ್ನು ಗುರುತಿಸುವರು’ ಎಂದೇ ಇರುತ್ತದೆ. ಅದರ ಕೆಳಗೆ ಕಣ್ಣು ಮಿಟುಕಿಸುವುದು, ತುಟಿ ಚಲನೆ, ಹಲ್ಲು, ನೆರಳು ಎಂಬ ಲಕ್ಷಣಗಳ ಪಟ್ಟಿ ಬರುತ್ತದೆ. ನಾನು ಉದ್ದೇಶವನ್ನು ಬೇರೆ ರೀತಿಯಲ್ಲಿ ಬರೆದುಕೊಂಡೆ: ‘ಒಂದು ವಿಡಿಯೊ ಎಲ್ಲಿಂದ ಬಂತು ಎಂಬುದನ್ನು ಹುಡುಕುವ ಕ್ರಮವನ್ನು ವಿದ್ಯಾರ್ಥಿಗಳು ಅನುಸರಿಸುವರು, ಮೂಲ ಸಿಗುವವರೆಗೆ ಅದು ನಿಜವೆಂದೂ ಸುಳ್ಳೆಂದೂ ತೀರ್ಮಾನಿಸದೆ ಇರುವರು.’

ಎರಡು ಉದ್ದೇಶಗಳ ನಡುವಿನ ವ್ಯತ್ಯಾಸ ಬರಿಯ ಮಾತಿನದಲ್ಲ. ಮೊದಲನೆಯದರಲ್ಲಿ ವಿದ್ಯಾರ್ಥಿ ಚಿತ್ರದ ಒಳಗೆ ನೋಡುತ್ತಾನೆ, ಎರಡನೆಯದರಲ್ಲಿ ಚಿತ್ರದ ಹೊರಗೆ ನೋಡುತ್ತಾನೆ. ಮೊದಲನೆಯದನ್ನು ಮಾತ್ರ ಕಲಿತವನು ನಕಲಿಯನ್ನು ನಂಬುವ ಸಾಧ್ಯತೆ ಉಳಿದೇ ಇರುತ್ತದೆ. ಅದರ ಜೊತೆಗೆ ನಿಜವನ್ನು ನಕಲಿ ಎನ್ನುವ ಹೊಸ ಅಪಾಯವೂ ಸೇರಿಕೊಳ್ಳುತ್ತದೆ. ಭಾಷಣದ ತಿರುಳು ಈ ಎರಡನೆಯ ಅಪಾಯವೇ ಆಗಿತ್ತು.

ಪೀಠಿಕೆ: ಲಿಂಕನ್ನರ ತಲೆ, ಇನ್ನೊಬ್ಬರ ದೇಹ

ಪೀಠಿಕೆಗೆ ಇತ್ತೀಚಿನ ಯಾವುದೇ ವಿಡಿಯೊ ತೋರಿಸಲಿಲ್ಲ. ಅಬ್ರಹಾಂ ಲಿಂಕನ್ನರ ಒಂದು ಹಳೆಯ ಮುದ್ರಿತ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಮೇಜಿನ ಪಕ್ಕದಲ್ಲಿ ನಿಲುವಂಗಿ ಹೊದ್ದು ಗಂಭೀರವಾಗಿ ನಿಂತ ಲಿಂಕನ್, ಮೇಜಿನ ಮೇಲೆ ಕಾಗದಗಳು. ‘ಈ ಚಿತ್ರದಲ್ಲಿ ಏನು ಕಾಣುತ್ತಿದೆ?’ ಎಂದು ಕೇಳಿದೆ. ಧೀಮಂತ ನಾಯಕ, ಸಂವಿಧಾನದ ಪ್ರತಿ, ಅಧಿಕಾರ ಎಂಬ ಉತ್ತರಗಳು ಬಂದವು. ಆಮೇಲೆ, ಆ ದೇಹ ಲಿಂಕನ್ನರದ್ದಲ್ಲ ಎಂದೆ.

ಅದು ಜಾನ್ ಕ್ಯಾಲ್‌ಹೌನ್ ಎಂಬ ಅಮೆರಿಕದ ದಕ್ಷಿಣ ಭಾಗದ ರಾಜಕಾರಣಿಯ ದೇಹ. ಗುಲಾಮಗಿರಿಯನ್ನು ಬಲವಾಗಿ ಸಮರ್ಥಿಸುತ್ತಿದ್ದ ಆತ 1850ರಲ್ಲಿ ತೀರಿಕೊಂಡ. ಅವನ ಚಿತ್ರವನ್ನು 1852ರಲ್ಲಿ ಲೋಹದ ಫಲಕದ ಮೇಲೆ ಕೆತ್ತಿ ಮುದ್ರಿಸಿದ್ದರು. 1865ರಲ್ಲಿ ಲಿಂಕನ್ನರ ಹತ್ಯೆಯಾದ ಬಳಿಕ ಅವರ ವೀರಭಂಗಿಯ ಚಿತ್ರಗಳಿಗೆ ಬೇಡಿಕೆ ಹೆಚ್ಚಿತು. ಆಗ ಕ್ಯಾಲ್‌ಹೌನನ ದೇಹವನ್ನು ಹಾಗೆಯೇ ಉಳಿಸಿ, ಛಾಯಾಚಿತ್ರವೊಂದರಿಂದ ಲಿಂಕನ್ನರ ತಲೆಯನ್ನು ತೆಗೆದು ಅದರ ಮೇಲೆ ಕೂರಿಸಿದರು. ಮೇಜಿನ ಮೇಲಿನ ಕಾಗದಗಳಲ್ಲಿದ್ದ ‘ರಾಜ್ಯಗಳ ಸಾರ್ವಭೌಮತ್ವ’ದಂಥ ಬರಹವನ್ನೂ ಬದಲಿಸಿ ‘ಒಕ್ಕೂಟ’, ‘ಸ್ವಾತಂತ್ರ್ಯದ ಘೋಷಣೆ’ ಎಂಬ ಮಾತುಗಳನ್ನು ಬರೆದರು. ಗುಲಾಮಗಿರಿಯ ಸಮರ್ಥಕನ ದೇಹವೇ ಗುಲಾಮರನ್ನು ಬಿಡುಗಡೆ ಮಾಡಿದವರ ದೇಹವಾಯಿತು.

ಇದು ಹೇಗೆ ಬಯಲಾಯಿತು ಎಂಬುದು ಪಾಠಕ್ಕೆ ಮುಖ್ಯ. ಬಹುಕಾಲದ ನಂತರ ಸ್ಟೀಫನ್ ಲೊರಾಂಟ್ ಎಂಬ ಪತ್ರಿಕಾ ಸಂಪಾದಕರು ಲಿಂಕನ್ನರ ಇತರ ಛಾಯಾಚಿತ್ರಗಳೊಂದಿಗೆ ಇದನ್ನು ಹೋಲಿಸಿದರು. ಲಿಂಕನ್ನರ ಬಲಗೆನ್ನೆಯ ಮೇಲೆ ಇರಬೇಕಾದ ಮಚ್ಚೆ ಈ ಚಿತ್ರದಲ್ಲಿ ಎಡಗೆನ್ನೆಯ ಮೇಲಿತ್ತು. ತಲೆಯನ್ನು ಕ್ಯಾಲ್‌ಹೌನನ ದೇಹಕ್ಕೆ ಹೊಂದಿಸುವಾಗ ಅದು ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಂಡಿತ್ತು.

ಇಲ್ಲಿ ನಿಂತು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿದೆ: ‘ಲಿಂಕನ್ನರ ಬೇರೊಂದು ಫೋಟೊ ಇರದೇ ಹೋಗಿದ್ದರೆ, ಈ ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಮಚ್ಚೆ ತಪ್ಪು ಕಡೆ ಇದೆಯೆಂದು ತಿಳಿಯುತ್ತಿತ್ತೇ?’ ತಿಳಿಯುತ್ತಿರಲಿಲ್ಲ ಎಂದು ಅವರೇ ಹೇಳಿದರು. ಈ ಉತ್ತರವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಕೊನೆಯವರೆಗೂ ಅಳಿಸದೆ ಇಟ್ಟೆ: *ಚಿತ್ರ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುವುದಿಲ್ಲ, ಹೋಲಿಸಲು ಇನ್ನೊಂದು ಬೇಕು.*

ಹಳೆಯ ಚಿತ್ರದಿಂದ ಆರಂಭಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮುಖ ಬದಲಿಸಿದ ಇಂದಿನ ವಿಡಿಯೊಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವಂಥವು. ಅವುಗಳನ್ನು ‘ಉದಾಹರಣೆಗೆ’ ಎಂದು ಪರದೆಯ ಮೇಲೆ ತೋರಿಸಿದರೆ ಆ ವ್ಯಕ್ತಿಗೆ ಆದ ಹಾನಿಯನ್ನು ನಾವೇ ಮತ್ತೊಮ್ಮೆ ಮಾಡಿದಂತಾಗುತ್ತದೆ. ತರಗತಿಯಲ್ಲಿ ಕುಳಿತ ಹುಡುಗಿಯರಿಗೂ ಅದು ಕಸಿವಿಸಿ. ಅಂಥ ಪ್ರಕರಣವನ್ನು ಮಾತಿನಲ್ಲಿ ವಿವರಿಸಿದರೆ ಸಾಕು.

ಯಂತ್ರ ಮುಖವನ್ನು ಹೇಗೆ ಬದಲಿಸುತ್ತದೆ

ಕಲಾ ವಿಭಾಗದವರಿಗೂ ತಿಳಿಯುವಂತೆ ಹೇಳಲು ನಾನು ಒಂದು ಉಪಮೆ ಬಳಸಿದೆ. ಒಬ್ಬ ಟಿಪ್ಪಣಿಕಾರ ಮತ್ತು ಇಬ್ಬರು ಚಿತ್ರಕಾರರು ಇದ್ದಾರೆ ಎಂದುಕೊಳ್ಳಿ. ಟಿಪ್ಪಣಿಕಾರನ ಕೆಲಸ, ಯಾರದೇ ಮುಖದ ಫೋಟೊ ಕೊಟ್ಟರೂ ಅದರ ಸ್ಥಿತಿಯನ್ನು ಚುಟುಕಾಗಿ ಬರೆಯುವುದು: ತಲೆ ಸ್ವಲ್ಪ ಎಡಕ್ಕೆ, ಬಾಯಿ ಅರ್ಧ ತೆರೆದಿದೆ, ಬೆಳಕು ಬಲಗಡೆಯಿಂದ. ಮೊದಲ ಚಿತ್ರಕಾರನಿಗೆ ‘ಅ’ ಎಂಬ ವ್ಯಕ್ತಿಯ ಮುಖ ಬಿಟ್ಟರೆ ಬೇರೆ ಮುಖ ಬರೆಯಲು ಬಾರದು. ಎರಡನೆಯವನಿಗೆ ‘ಬ’ ಎಂಬ ವ್ಯಕ್ತಿಯ ಮುಖ ಮಾತ್ರ ಗೊತ್ತು. ‘ಅ’ನ ಸಾವಿರಾರು ಚಿತ್ರಗಳ ಟಿಪ್ಪಣಿಯನ್ನು ಮೊದಲನೆಯವನಿಗೂ, ‘ಬ’ನ ಸಾವಿರಾರು ಚಿತ್ರಗಳ ಟಿಪ್ಪಣಿಯನ್ನು ಎರಡನೆಯವನಿಗೂ ಕೊಟ್ಟು, ಅವರು ಬರೆದದ್ದು ಮೂಲ ಚಿತ್ರದಂತೆಯೇ ಆಗುವವರೆಗೆ ತಿದ್ದುತ್ತಾ ಹೋಗುತ್ತಾರೆ. ಅಭ್ಯಾಸ ಪಕ್ವವಾದ ಮೇಲೆ ಒಂದು ಕೈಚಳಕ ನಡೆಯುತ್ತದೆ. ‘ಅ’ನ ಹೊಸ ಚಿತ್ರದ ಟಿಪ್ಪಣಿಯನ್ನು ಎರಡನೆಯ ಚಿತ್ರಕಾರನ ಕೈಗೆ ಕೊಡುತ್ತಾರೆ. ಅವನಿಗೆ ಗೊತ್ತಿರುವುದು ‘ಬ’ನ ಮುಖ ಮಾತ್ರ. ಆದ್ದರಿಂದ ‘ಅ’ ಹೇಗೆ ತಿರುಗಿದ್ದನೋ, ಹೇಗೆ ನಕ್ಕಿದ್ದನೋ ಹಾಗೆಯೇ ತಿರುಗಿದ, ನಕ್ಕ ‘ಬ’ನ ಮುಖವನ್ನು ಅವನು ಬರೆದುಕೊಡುತ್ತಾನೆ.

ಟಿಪ್ಪಣಿಕಾರನಿಗೆ ತಾಂತ್ರಿಕ ಹೆಸರು ಎನ್‌ಕೋಡರ್, ಚಿತ್ರಕಾರರಿಗೆ ಡಿಕೋಡರ್. 2017ರ ಕೊನೆಯಲ್ಲಿ ‘ಡೀಪ್‌ಫೇಕ್’ ಎಂಬ ಹೆಸರು ಹುಟ್ಟಿದಾಗ ಬಳಕೆಯಲ್ಲಿದ್ದದ್ದು ಈ ವಿಧಾನ. ಉಪಮೆಗೆ ಒಂದು ಮಿತಿಯಿದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಿದೆ: ಯಂತ್ರದ ಟಿಪ್ಪಣಿ ಮಾತಿನಲ್ಲಿರುವುದಿಲ್ಲ, ಅಂಕಿಗಳ ಸಾಲಾಗಿರುತ್ತದೆ, ಏನನ್ನು ಬರೆದುಕೊಳ್ಳಬೇಕೆಂದು ಯಾರೂ ಅದಕ್ಕೆ ಹೇಳಿಕೊಟ್ಟಿರುವುದಿಲ್ಲ. ಈಚಿನ ಉಪಕರಣಗಳು ಮೊದಲೇ ಲಕ್ಷಾಂತರ ಮುಖಗಳ ಮೇಲೆ ಅಭ್ಯಾಸ ಮಾಡಿಕೊಂಡಿರುವುದರಿಂದ ‘ಬ’ನ ಒಂದೇ ಒಂದು ಫೋಟೊ ಇದ್ದರೂ ಕೆಲಸ ನಡೆಸುತ್ತವೆ. ‘ನಾನೇನು ಸಿನಿಮಾ ನಟಿಯಲ್ಲವಲ್ಲ, ನನ್ನ ಸಾವಿರ ಫೋಟೊ ಎಲ್ಲಿ ಸಿಗುತ್ತವೆ’ ಎಂಬ ಸಮಾಧಾನ ಈಗ ಉಳಿದಿಲ್ಲ.

ಹೀಗೆ ತಯಾರಾದ ಮುಖವನ್ನು ಮೂಲ ವಿಡಿಯೊದ ಮುಖದ ಜಾಗಕ್ಕೆ ಅಂಟಿಸಿ, ಚರ್ಮದ ಬಣ್ಣ ಹೊಂದಿಸಿ, ಅಂಚನ್ನು ಮಸುಕುಗೊಳಿಸಬೇಕು. ಸೆಕೆಂಡಿಗೆ 30 ಫ್ರೇಮ್‌ಗಳ ಲೆಕ್ಕದಲ್ಲಿ 10 ಸೆಕೆಂಡಿನ ವಿಡಿಯೊ ಎಂದರೆ 300 ಚಿತ್ರಗಳು. ಮುನ್ನೂರರಲ್ಲೂ ಅಂಟಿಕೆ ಸರಿಯಾಗಿ ಕೂರಬೇಕು. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಕೈಯೋ ಕೂದಲೋ ಮುಖದ ಮುಂದೆ ಹಾದುಹೋದಾಗ, ವ್ಯಕ್ತಿ ಚೌಕಟ್ಟಿನೊಳಗೆ ಬರುವ ಅಥವಾ ಹೊರಹೋಗುವ ಕ್ಷಣದಲ್ಲಿ ಮುಖ ಎಲ್ಲಿದೆ ಎಂಬುದು ಯಂತ್ರಕ್ಕೆ ತಪ್ಪಿಹೋಗುತ್ತದೆ. ಆಗ ಒಂದೆರಡು ಫ್ರೇಮ್‌ಗಳಲ್ಲಿ ಮೂಲ ವ್ಯಕ್ತಿಯ ಮುಖವೇ ಇಣುಕಬಹುದು.

ಈ ಭಾಗದಿಂದ ವಿದ್ಯಾರ್ಥಿಗಳು ಒಯ್ಯಬೇಕಾದ ಅಂಶ ಒಂದೇ. ಮುಖ ಬದಲಿಸುವಾಗ ಸಾಮಾನ್ಯವಾಗಿ ಬದಲಾಗುವುದು ಹಣೆಯಿಂದ ಗಲ್ಲದವರೆಗಿನ ಭಾಗ ಮಾತ್ರ. ಕೂದಲು, ಕಿವಿ, ಕುತ್ತಿಗೆ, ಕೈ, ಬಟ್ಟೆ, ಹಿಂದಿನ ಗೋಡೆ, ನಡಿಗೆ ಎಲ್ಲವೂ ಮೂಲ ವ್ಯಕ್ತಿಯವೇ. ಅಂದರೆ ಮುಖ ಬದಲಿಸಿದ ಪ್ರತಿ ವಿಡಿಯೊದ ಹಿಂದೆ ಮುಖ ಬದಲಿಸದ ಇನ್ನೊಂದು ವಿಡಿಯೊ ಇದ್ದೇ ಇರುತ್ತದೆ. ಅದು ಸಿಕ್ಕರೆ ವಾದವೇ ಮುಗಿಯಿತು.

ಒಂದು ಪ್ರಕರಣದ ಬಿಡಿಸಿದ ಲೆಕ್ಕ

ಇದನ್ನು ರಶ್ಮಿಕಾ ಮಂದಣ್ಣ ಅವರ ಪ್ರಕರಣದಿಂದ ವಿವರಿಸಿದೆ. ಕೊಡಗಿನವರು, ಕನ್ನಡ ಸಿನಿಮಾದಿಂದಲೇ ಹೆಸರು ಮಾಡಿದವರು. ಪ್ರಕರಣದ ಬಗ್ಗೆ ಅವರೇ ಬಹಿರಂಗವಾಗಿ ಮಾತನಾಡಿದ್ದಾರೆ. 2023ರ ನವೆಂಬರ್ ಮೊದಲ ವಾರದಲ್ಲಿ ಕೆಲವೇ ಸೆಕೆಂಡುಗಳ ವಿಡಿಯೊ ಒಂದು ಹರಡಿತು. ಕಪ್ಪು ಉಡುಪಿನ ಮಹಿಳೆಯೊಬ್ಬರು ಲಿಫ್ಟಿನೊಳಗೆ ಬರುತ್ತಾರೆ. ಮುಖ ರಶ್ಮಿಕಾ ಅವರದು. ಲಕ್ಷಾಂತರ ಜನ ನೋಡಿದರು.

ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವ ಪತ್ರಕರ್ತರೊಬ್ಬರು ಇದರ ಮೂಲವನ್ನು ಮುಂದಿಟ್ಟರು. ಮೂಲ ವಿಡಿಯೊವನ್ನು ಭಾರತೀಯ ಮೂಲದ ಬ್ರಿಟಿಷ್ ಮಹಿಳೆಯೊಬ್ಬರು ಸುಮಾರು ಒಂದು ತಿಂಗಳು ಮೊದಲು, ಅಕ್ಟೋಬರ್ 9ರಂದು, ತಮ್ಮ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಹಾಕಿದ್ದರು. ಅದೇ ಲಿಫ್ಟು, ಅದೇ ಉಡುಪು, ಅದೇ ನಡಿಗೆ. ಮುಖ ಮಾತ್ರ ಬೇರೆ. ನಕಲಿಯ ಆರಂಭವನ್ನು ನಿಧಾನವಾಗಿ ನೋಡಿದರೆ ಆಕೆ ಲಿಫ್ಟಿನ ಬಾಗಿಲಲ್ಲಿ ಕಾಣಿಸಿಕೊಳ್ಳುವ ಮೊದಲ ಕ್ಷಣದಲ್ಲಿ ಮೂಲ ಮುಖವೇ ಇತ್ತು. ಒಳಗೆ ಬಂದ ಮೇಲೆ ಅದು ರಶ್ಮಿಕಾ ಅವರ ಮುಖವಾಗುತ್ತದೆ. ಚೌಕಟ್ಟಿನೊಳಗೆ ಬರುವ ಕ್ಷಣದಲ್ಲಿ ಯಂತ್ರ ಮುಗ್ಗರಿಸುತ್ತದೆ ಎಂದು ಹಿಂದೆ ಹೇಳಿದ್ದು ಇಲ್ಲಿ ಕಣ್ಣಿಗೇ ಬೀಳುತ್ತದೆ.

ಇಂಥ ಹುಡುಕಾಟದ ಹೆಜ್ಜೆಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿದೆ. ಮೊದಲು ವಿಡಿಯೊವನ್ನು ನಿಲ್ಲಿಸಿ ಮೂರು ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆಯುವುದು. ಎರಡನೆಯದಾಗಿ, ಆ ಚಿತ್ರವನ್ನು ಗೂಗಲ್ ಲೆನ್ಸ್‌ನಂಥ ಚಿತ್ರ ಹುಡುಕುವ ಸೌಲಭ್ಯಕ್ಕೆ ಕೊಡುವುದು. ಇಲ್ಲಿ ಒಂದು ಸಣ್ಣ ಜಾಣ್ಮೆ ಬೇಕು. ಪೂರ್ತಿ ಚಿತ್ರ ಕೊಟ್ಟರೆ ಪ್ರಸಿದ್ಧರ ಮುಖವನ್ನೇ ಹಿಡಿದು ಅವರ ಸಾವಿರಾರು ಫೋಟೊಗಳು ಬರಬಹುದು. ಆದ್ದರಿಂದ ಮುಖವನ್ನು ಕತ್ತರಿಸಿ ತೆಗೆದು ಉಡುಪು, ಗೋಡೆ, ಬಾಗಿಲು ಉಳಿಯುವಂತೆ ಮಾಡಿ ಹುಡುಕಬೇಕು. ಬದಲಾಗಿರುವುದು ಮುಖ, ಬದಲಾಗದೆ ಉಳಿದಿರುವುದು ಹಿನ್ನೆಲೆ. ಹುಡುಕಬೇಕಾದದ್ದು ಬದಲಾಗದೆ ಇರುವುದನ್ನು. ಮೂರನೆಯದಾಗಿ, ಸಿಕ್ಕ ಫಲಿತಾಂಶಗಳಲ್ಲಿ ಅತ್ಯಂತ ಹಳೆಯ ದಿನಾಂಕದ್ದನ್ನು ನೋಡುವುದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು. ಕಪ್ಪುಹಲಗೆಯ ಮೂಲೆಯ ವಾಕ್ಯದತ್ತ ಇಲ್ಲಿ ಮತ್ತೆ ಬೆರಳು ತೋರಿಸಿದೆ. ಲಿಂಕನ್ನರ ಚಿತ್ರದಲ್ಲೂ ಇಲ್ಲಿಯೂ ಸತ್ಯ ಹೊರಬಂದದ್ದು ಹೋಲಿಕೆಯಿಂದ.

ಈ ಕ್ರಮಕ್ಕೂ ಮಿತಿಯಿದೆ. ಮೂಲ ವಿಡಿಯೊ ಎಲ್ಲಿಯೂ ಪ್ರಕಟವಾಗದೆ ಯಾರದೋ ಫೋನಿನಲ್ಲೇ ಇದ್ದರೆ, ಅಥವಾ ವಿಡಿಯೊ ಕರೆಯ ನಡುವೆಯೇ ಮುಖ ಬದಲಿಸುತ್ತಿದ್ದರೆ, ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ಹುಡುಕಿದಾಗ ಮೂಲ ಸಿಗಲಿಲ್ಲ ಎಂದ ಮಾತ್ರಕ್ಕೆ ವಿಡಿಯೊ ನಿಜ ಎಂದಾಗುವುದಿಲ್ಲ. ನಕಲಿ ಎಂದೂ ಆಗುವುದಿಲ್ಲ. ‘ಇನ್ನೂ ಗೊತ್ತಿಲ್ಲ’ ಎಂಬುದೇ ಆಗ ಸರಿಯಾದ ಉತ್ತರ. ಈ ಮೂರನೆಯ ಉತ್ತರವನ್ನು ಹೇಳಲು ವಿದ್ಯಾರ್ಥಿಗಳಿಗೆ ಸಂಕೋಚವಿರುತ್ತದೆ, ಏಕೆಂದರೆ ಪರೀಕ್ಷೆಗಳಲ್ಲಿ ಅದಕ್ಕೆ ಅಂಕ ಸಿಗುವುದಿಲ್ಲ. ಈ ಪಾಠದ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕ ಕೊಡಬೇಕು.

ಪ್ರಕರಣದ ಮುಂದಿನ ಕತೆಯನ್ನೂ ಚಿಕ್ಕದಾಗಿ ಹೇಳಿದೆ. ದೆಹಲಿ ಪೊಲೀಸರು ಮೊಕದ್ದಮೆ ದಾಖಲಿಸಿ, 2024ರ ಜನವರಿಯಲ್ಲಿ ಆಂಧ್ರಪ್ರದೇಶದ ಯುವ ಎಂಜಿನಿಯರನೊಬ್ಬನನ್ನು ಬಂಧಿಸಿದರು. ನಟಿಯ ಅಭಿಮಾನಿಗಳ ಪುಟ ನಡೆಸುತ್ತಿದ್ದ ಆತ ಅದರ ಹಿಂಬಾಲಕರ ಸಂಖ್ಯೆ ಹೆಚ್ಚಿಸಲು ಹೀಗೆ ಮಾಡಿದ ಎಂಬುದು ಪೊಲೀಸರ ಹೇಳಿಕೆ. ಇನ್ನು ರಶ್ಮಿಕಾ ಅವರು, ತಾವು ಶಾಲೆಯಲ್ಲೋ ಕಾಲೇಜಿನಲ್ಲೋ ಓದುತ್ತಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾರೆ ಎಂಬರ್ಥದ ಮಾತನ್ನು ಆಗ ಬರೆದಿದ್ದರು. ಆ ಮಾತು ಕೇಳಿದಾಗ ಸಭೆ ಪೂರ್ತಿ ಮೌನವಾಯಿತು. ನಟಿಯ ವಿಡಿಯೊ ಆದ್ದರಿಂದ ಹುಡುಕುವವರು ಹತ್ತು ಜನ ಮುಂದೆ ಬಂದರು. ತರಗತಿಯ ಹುಡುಗಿಯೊಬ್ಬಳ ವಿಷಯದಲ್ಲಿ ಹಾಗೆ ಹುಡುಕಬೇಕಾದವರು ಅವಳ ಸಹಪಾಠಿಗಳೇ.

ಕಣ್ಣು ಮಿಟುಕಿಸದ ಅಧ್ಯಕ್ಷ

ಇಲ್ಲಿಯವರೆಗೆ ನಕಲಿಯನ್ನು ನಿಜವೆಂದು ನಂಬುವ ಮಾತಾಯಿತು. ಮುಂದಿನ ಭಾಗ ಅದಕ್ಕೆ ತದ್ವಿರುದ್ಧ. ಇದಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ.

‘ಡೀಪ್‌ಫೇಕ್ ಗುರುತಿಸುವುದು ಹೇಗೆ’ ಎಂದು ಕೇಳಿದಾಗ ಒಬ್ಬ ವಿದ್ಯಾರ್ಥಿ, ‘ಕಣ್ಣು ಮಿಟುಕಿಸಲ್ಲ ಮೇಡಂ’ ಎಂದ. ಈ ಉತ್ತರ ಬರುತ್ತದೆಂದು ಗೊತ್ತಿತ್ತು. ಅದಕ್ಕೊಂದು ಆಧಾರವೂ ಇದೆ. 2018ರಲ್ಲಿ ಅಮೆರಿಕದ ಆಲ್ಬನಿ ವಿಶ್ವವಿದ್ಯಾಲಯದ ಸಿವೇ ಲ್ಯೂ ಮತ್ತು ಸಂಗಡಿಗರು, ಆಗಿನ ನಕಲಿಗಳಲ್ಲಿ ಮುಖಗಳು ಸಹಜವಾಗಿ ಕಣ್ಣು ಮಿಟುಕಿಸುವುದಿಲ್ಲ ಎಂದು ತೋರಿಸಿದರು. ಕಾರಣ ಸರಳ. ಯಂತ್ರ ಅಭ್ಯಾಸ ಮಾಡುವುದು ಜನರ ಫೋಟೊಗಳ ಮೇಲೆ. ಕಣ್ಣು ಮುಚ್ಚಿದ ಫೋಟೊವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಪ್ರಕಟಿಸುವುದೂ ಇಲ್ಲ. ಹಾಗಾಗಿ ಮುಚ್ಚಿದ ಕಣ್ಣನ್ನು ಯಂತ್ರ ಕಂಡೇ ಇರಲಿಲ್ಲ. ಆದರೆ ಈ ಸಂಗತಿ ಹೊರಬಿದ್ದ ಸ್ವಲ್ಪ ಕಾಲದಲ್ಲೇ ನಕಲಿ ಮಾಡುವವರು ಕಣ್ಣು ಮುಚ್ಚಿದ ಚಿತ್ರಗಳನ್ನೂ ಅಭ್ಯಾಸಕ್ಕೆ ಸೇರಿಸಿದರು, ದೋಷ ಮರೆಯಾಯಿತು. ದೋಷ ಹೋದರೂ ಅದರ ಬಗೆಗಿನ ಸಲಹೆ ಮಾತ್ರ ಇಂದಿಗೂ ಓಡಾಡುತ್ತಿದೆ.

ಈ ಸಲಹೆ ನಿರುಪಯುಕ್ತವಾದರೆ ಬಿಡಬಹುದಿತ್ತು. ಅದು ಅಪಾಯಕಾರಿಯೂ ಹೌದು ಎಂಬುದಕ್ಕೆ ಮಧ್ಯ ಆಫ್ರಿಕದ ಗ್ಯಾಬನ್ ದೇಶದ ಕತೆ ಹೇಳಿದೆ. ಅಲ್ಲಿನ ಅಧ್ಯಕ್ಷರಾಗಿದ್ದ ಅಲಿ ಬೊಂಗೊ 2018ರ ಅಕ್ಟೋಬರಿನಲ್ಲಿ ವಿದೇಶದಲ್ಲಿದ್ದಾಗ ಕಾಯಿಲೆ ಬಿದ್ದರು. ತಿಂಗಳುಗಟ್ಟಲೆ ಸಾರ್ವಜನಿಕವಾಗಿ ಕಾಣಿಸಿಕೊಳ್ಳಲಿಲ್ಲ. ಕಾಯಿಲೆ ಏನೆಂದು ಸರ್ಕಾರ ಬಹಳ ಕಾಲ ಸ್ಪಷ್ಟವಾಗಿ ಹೇಳಲಿಲ್ಲ. ಅದು ಪಾರ್ಶ್ವವಾಯು ಎಂಬುದು ಆಮೇಲೆ ತಿಳಿಯಿತು. ಹೊಸ ವರ್ಷದ ಸಂದೇಶವೆಂದು ಅವರ ವಿಡಿಯೊ ಒಂದನ್ನು ಬಿಡುಗಡೆ ಮಾಡಿದರು. ಅದರಲ್ಲಿ ಮುಖ ಬಿಗಿದುಕೊಂಡಿತ್ತು, ಕಣ್ಣುಗಳು ಮಿಟುಕಿಸಿದ್ದು ಬಹಳ ಕಡಿಮೆ, ಕೈ ಅಲುಗಾಡಲಿಲ್ಲ. ಇದು ಡೀಪ್‌ಫೇಕ್, ಅಧ್ಯಕ್ಷರು ಬದುಕಿಯೇ ಇಲ್ಲ ಎಂಬ ಮಾತು ಹರಡಿತು. 2019ರ ಜನವರಿ 7ರಂದು ಸೈನಿಕರ ಒಂದು ಗುಂಪು ಬಾನುಲಿ ಕೇಂದ್ರವನ್ನು ವಶಪಡಿಸಿಕೊಂಡು ದಂಗೆಗೆ ಯತ್ನಿಸಿತು. ಅಧ್ಯಕ್ಷರು ಆಳುವ ಸ್ಥಿತಿಯಲ್ಲಿದ್ದಾರೆಯೇ ಎಂಬ ಅನುಮಾನವನ್ನು ಆ ಸಂದೇಶ ಹೆಚ್ಚಿಸಿತೆಂದು ಅವರು ತಮ್ಮ ಪ್ರಕಟಣೆಯಲ್ಲಿ ಹೇಳಿದರು. ದಂಗೆ ಅದೇ ದಿನ ವಿಫಲವಾಯಿತು. ವಿಡಿಯೊವನ್ನು ಪರೀಕ್ಷಿಸಿದ ತಜ್ಞರಿಗೆ ಮುಖ ಬದಲಿಸಿದ ಪುರಾವೆ ಸಿಗಲಿಲ್ಲ. ಬೊಂಗೊ ಮುಂದೆ ಜನರೆದುರು ಕಾಣಿಸಿಕೊಂಡರು. ಅವರ ದೇಹದಲ್ಲಿ ಕಾಯಿಲೆಯ ಗುರುತುಗಳಿದ್ದವು.

ಇಲ್ಲಿ ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆ: ‘ಲಕ್ಷಣಗಳ ಪಟ್ಟಿಯನ್ನು ಹಿಡಿದು ನೋಡಿದವನು ಈ ವಿಡಿಯೊಗೆ ಯಾವ ತೀರ್ಪು ಕೊಡುತ್ತಿದ್ದ?’ ನಕಲಿ ಎಂದೇ ಕೊಡುತ್ತಿದ್ದ. ಪಾರ್ಶ್ವವಾಯು ಬಿಗಿಯಾಗಿಸಿದ ಮುಖಕ್ಕೂ ಯಂತ್ರ ತಯಾರಿಸಿದ ಮುಖಕ್ಕೂ ಆ ಪಟ್ಟಿ ವ್ಯತ್ಯಾಸ ಕಾಣಲಾರದು. ಅದೇ ರೀತಿ ಕಡಿಮೆ ಬೆಳಕಿನಲ್ಲಿ ತೆಗೆದ, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ನಿಜವಾದ ವಿಡಿಯೊದಲ್ಲೂ ಗಲ್ಲದ ಅಂಚು ಮಸುಕಾಗಿರುತ್ತದೆ, ಹಲ್ಲುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಕಳುಹಿಸುವಾಗ ಫೈಲಿನ ಗಾತ್ರ ಕುಗ್ಗಿಸಲು ಸೂಕ್ಷ್ಮ ವಿವರಗಳನ್ನು ತೆಗೆದುಹಾಕುವುದೇ ಇದಕ್ಕೆ ಕಾರಣ. ಈ ಕುಗ್ಗಿಸುವಿಕೆ ನಕಲಿಯ ಗುರುತನ್ನು ಅಳಿಸುತ್ತದೆ, ಅಸಲಿಗೆ ನಕಲಿಯ ಗುರುತನ್ನು ಹಚ್ಚುತ್ತದೆ.

ಅನುಮಾನದ ಲಾಭ ಯಾರಿಗೆ

ಎಲ್ಲ ವಿಡಿಯೊಗಳ ಮೇಲೂ ಅನುಮಾನ ಹುಟ್ಟಿದರೆ ಅದರಿಂದ ಅನುಕೂಲ ಆಗುವುದು ಸಿಕ್ಕಿಬಿದ್ದವನಿಗೆ. ಲಂಚ ತೆಗೆದುಕೊಂಡದ್ದು, ಹೊಡೆದದ್ದು, ಬೈದದ್ದು ನಿಜವಾಗಿಯೇ ಚಿತ್ರೀಕರಣವಾಗಿದ್ದರೂ ‘ಅದು ಡೀಪ್‌ಫೇಕ್’ ಎಂದು ಹೇಳಿ ಪಾರಾಗಬಹುದು. ಅಮೆರಿಕದ ಕಾನೂನು ವಿದ್ವಾಂಸರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇದಕ್ಕೆ ‘ಸುಳ್ಳುಗಾರನ ಲಾಭಾಂಶ’ ಎಂಬರ್ಥದ ಹೆಸರಿಟ್ಟಿದ್ದಾರೆ. ನಕಲಿಗಳ ಬಗ್ಗೆ ಜನರಿಗೆ ಎಷ್ಟು ಹೆಚ್ಚು ತಿಳಿದಿರುತ್ತದೋ ಈ ಲಾಭಾಂಶ ಅಷ್ಟು ಹೆಚ್ಚಾಗುತ್ತದೆ ಎಂಬುದು ಅವರ ವಾದ. ಅಧ್ಯಾಪಕರಾದ ನಮಗೆ ಇದು ಇಕ್ಕಟ್ಟಿನ ಮಾತು. ನಾವು ಎಚ್ಚರಿಸಿದಷ್ಟೂ ಸುಳ್ಳುಗಾರನಿಗೆ ನೆಪ ಸಿಗುತ್ತದೆ.

ಇದು ಬರಿಯ ತರ್ಕವಲ್ಲ. ಬ್ರಿಟನ್ನಿನ ಕ್ರಿಸ್ಟಿಯನ್ ವಕ್ಕಾರಿ ಮತ್ತು ಆ್ಯಂಡ್ರೂ ಚಾಡ್‌ವಿಕ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಎರಡು ಸಾವಿರ ಜನರಿಗೆ ಬರಾಕ್ ಒಬಾಮಾ ಅವರ ನಕಲಿ ವಿಡಿಯೊವೊಂದನ್ನು ಬೇರೆಬೇರೆ ರೂಪದಲ್ಲಿ ತೋರಿಸಿದರು. ಅದನ್ನು ನೋಡಿದವರು ಮೋಸಹೋಗುವುದಕ್ಕಿಂತ ಹೆಚ್ಚಾಗಿ ಗೊಂದಲಕ್ಕೆ ಬಿದ್ದರು. ಗೊಂದಲಕ್ಕೆ ಬಿದ್ದವರಲ್ಲಿ ಸಾಮಾಜಿಕ ಮಾಧ್ಯಮದ ಸುದ್ದಿಗಳ ಮೇಲಿನ ನಂಬಿಕೆ ಕುಗ್ಗಿತು. ಅಮೆರಿಕದ ಜಾನ್ ಟರ್ನೊವ್‌ಸ್ಕಿ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿ ನಮಗೆ ತಟ್ಟುವಂಥದ್ದು. ಡೀಪ್‌ಫೇಕ್ ಬಗ್ಗೆ ಸಾಮಾನ್ಯ ಎಚ್ಚರಿಕೆ ಪಡೆದವರು ನಕಲಿ ಗುರುತಿಸುವುದರಲ್ಲಿ ಮೇಲಾಗಲಿಲ್ಲ. ತಾವು ನೋಡಿದ ನಿಜವಾದ ರಾಜಕೀಯ ವಿಡಿಯೊಗಳನ್ನೇ ನಂಬದಾದರು. ‘ಎಚ್ಚರವಾಗಿರಿ, ಯಾವುದನ್ನೂ ನಂಬಬೇಡಿ’ ಎಂಬ ಭಾಷಣ ಇದೇ ಫಲ ಕೊಡುತ್ತದೆ.

ಇಲ್ಲಿಗೆ ಬರುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಹಾಗಾದ್ರೆ ಯಾವುದನ್ನೂ ನಂಬೋ ಹಾಗೇ ಇಲ್ವಾ ಮೇಡಂ?’ ಎಂದು ಕೇಳಿದಳು. ಪಾಠ ತಲುಪಬೇಕಾದ ಜಾಗ ಅದೇ. ನಾನು ತಿರುಗಿ ಕೇಳಿದೆ: ‘ನಿಮ್ಮ ಊರಿನಿಂದ ಯಾರೋ ಒಂದು ಸುದ್ದಿ ತಂದರೆ ಹೇಗೆ ನಂಬುತ್ತೀರಿ? ಅವರ ಮುಖ ನೋಡಿಯೋ?’ ಅವಳು ಸ್ವಲ್ಪ ಯೋಚಿಸಿ, ‘ಯಾರು ಹೇಳಿದ್ರು ಅಂತ ನೋಡ್ತೀವಿ. ಅಮ್ಮಂಗೆ ಫೋನ್ ಮಾಡಿ ಕೇಳ್ತೀವಿ’ ಎಂದಳು. ಉತ್ತರ ಅವಳ ಬಳಿಯೇ ಇತ್ತು. ಫೋಟೊ, ವಿಡಿಯೊಗಳಿಗೆ ಇಲ್ಲಿಯವರೆಗೆ ನಾವು ಒಂದು ರಿಯಾಯಿತಿ ಕೊಟ್ಟಿದ್ದೆವು: ಕಣ್ಣಾರೆ ಕಂಡಂತೆಯೇ ಎಂದು ವಿಚಾರಿಸದೆ ಒಪ್ಪಿಕೊಳ್ಳುತ್ತಿದ್ದೆವು. ಆ ರಿಯಾಯಿತಿ ಮುಗಿದಿದೆ. ಇನ್ನು ಮುಂದೆ ವಿಡಿಯೊ ಎಂದರೆ ಯಾರೋ ಹೇಳಿದ ಮಾತಿನಂತೆ. ಮಾತನ್ನು ನಾವು ಪೂರ್ತಿ ನಂಬುವುದೂ ಇಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ. ಹೇಳಿದವರು ಯಾರು ಎಂದು ವಿಚಾರಿಸುತ್ತೇವೆ.

ಆ ವಿಚಾರಣೆಯನ್ನು ನಾಲ್ಕು ಪ್ರಶ್ನೆಗಳಾಗಿ ಹಲಗೆಯ ಮೇಲೆ ಬರೆದೆ. ಇದನ್ನು ಮೊದಲು ಹಾಕಿದವರು ಯಾರು, ಎಂದು? ಅದೇ ಘಟನೆಯನ್ನು ಬೇರೆ ಕೋನದಿಂದ ಬೇರೆ ಯಾರಾದರೂ ಚಿತ್ರೀಕರಿಸಿದ್ದಾರೆಯೇ? ಚಿತ್ರದಲ್ಲಿರುವವರು ಅಥವಾ ಅಲ್ಲಿದ್ದವರು ಏನು ಹೇಳುತ್ತಾರೆ? ಇದು ನನ್ನಿಂದ ಏನನ್ನು ಕೇಳುತ್ತಿದೆ: ಹಣವೋ, ಸಿಟ್ಟೋ, ಬರಿಯ ಫಾರ್ವರ್ಡೋ? ಎರಡನೆಯ ಪ್ರಶ್ನೆಗೆ ತೂಕ ಹೆಚ್ಚು. ಒಂದು ವಿಡಿಯೊದಲ್ಲಿ ಮುಖ ಬದಲಿಸುವುದು ಸುಲಭ. ಬಸ್ ನಿಲ್ದಾಣದಲ್ಲಿ ಐದು ಅಪರಿಚಿತರು ಐದು ಕಡೆಯಿಂದ ತೆಗೆದ ವಿಡಿಯೊಗಳಲ್ಲಿ ಒಂದೇ ರೀತಿ ಬದಲಿಸಿ ಐವರ ಫೋನಿಗೂ ಸೇರಿಸುವುದು ಕಷ್ಟ.

ಸಹಪಾಠಿಯ ಮುಖ ಬಂದಾಗ

ಭಾಷಣದ ಕೊನೆಯ ಐದು ನಿಮಿಷ ಇದಕ್ಕೆ ಮೀಸಲಿಟ್ಟೆ. ತರಗತಿಯ ಗುಂಪಿಗೆ ಸಹಪಾಠಿಯೊಬ್ಬಳ ಮುಖವಿರುವ ಅಸಭ್ಯ ಚಿತ್ರ ಬಂದರೆ ಅದು ಅಸಲಿಯೋ ನಕಲಿಯೋ ಎಂದು ಚರ್ಚಿಸುವುದು ನಮ್ಮ ಕೆಲಸವಲ್ಲ. ಎರಡರಲ್ಲಿ ಯಾವುದಾದರೂ ಅದನ್ನು ಮುಂದೆ ಕಳುಹಿಸುವುದು ತಪ್ಪು. ಬಂದ ಖಾತೆಯ ಹೆಸರು, ಕೊಂಡಿ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಬೇಕು. ಆ ಪುರಾವೆ ಅವಳಿಗೂ ಪೊಲೀಸರಿಗೂ ಬೇಕಾಗುತ್ತದೆ. ದೂರು ಕೊಡುವುದು ಅವಳ ಒಪ್ಪಿಗೆಯಿಂದ ಆಗಬೇಕು. `cybercrime.gov.in` ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ. ಮುಖ ಬದಲಿಸಿ ಹಣ ಕಿತ್ತಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇನ್ನೊಬ್ಬರ ಗುರುತನ್ನು ಕದಿಯುವುದನ್ನೂ, 66ಇ ಕಲಂ ಖಾಸಗಿತನದ ಉಲ್ಲಂಘನೆಯನ್ನೂ ಶಿಕ್ಷಾರ್ಹವಾಗಿಸಿವೆ. ಮೇಲಿನ ಪ್ರಕರಣದಲ್ಲೂ ಈ ಕಲಂಗಳನ್ನೇ ಹಾಕಿದ್ದರು. ತಿರುಚಿದ ಚಿತ್ರಗಳ ಬಗ್ಗೆ ದೂರು ಬಂದರೆ ಸಾಮಾಜಿಕ ಮಾಧ್ಯಮ ಸಂಸ್ಥೆಗಳು 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕೆಂದು 2021ರಲ್ಲಿ ಹೊರಬಂದ ನಿಯಮಗಳು ಹೇಳಿದ್ದವು. ಇಂಥ ಗಡುವುಗಳಿಗೆ ತಿದ್ದುಪಡಿ ಆಗುತ್ತಿರುತ್ತದೆ. ಪ್ರಶಿಕ್ಷಣಾರ್ಥಿಗಳು ಪಾಠಕ್ಕೆ ಮುನ್ನ ಆಗ ಜಾರಿಯಲ್ಲಿರುವುದನ್ನು ನೋಡಿಕೊಳ್ಳಬೇಕು.

ಮೌಲ್ಯಮಾಪನ

ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತು ಹಾಕಿಸುವ ಪರೀಕ್ಷೆ ಈ ಪಾಠಕ್ಕೆ ಒಗ್ಗುವುದಿಲ್ಲ. ನಾನು ಪ್ರತಿ ಗುಂಪಿಗೂ ಮೂರು ಫೋಟೊಗಳನ್ನು ಕೊಟ್ಟೆ. ಒಂದು ಬದಲಿಸಿದ್ದು, ಒಂದು ನಿಜವಾದದ್ದು ಆದರೆ ಮಸುಕಾಗಿ ವಿಚಿತ್ರವಾಗಿ ಕಾಣುವಂಥದ್ದು, ಮೂರನೆಯದು ನಾನೇ ತೆಗೆದು ಎಲ್ಲಿಯೂ ಪ್ರಕಟಿಸದೆ ಇದ್ದದ್ದು, ಆದ್ದರಿಂದ ಹುಡುಕಿದರೂ ಸಿಗದಂಥದ್ದು. ಗುಂಪುಗಳು ತೀರ್ಪನ್ನಷ್ಟೇ ಬರೆದರೆ ಸಾಲದು, ಆ ತೀರ್ಪಿಗೆ ಹೇಗೆ ಬಂದರು ಎಂಬ ಹೆಜ್ಜೆಗಳನ್ನೂ ಬರೆಯಬೇಕು. ತೀರ್ಪಿಗೆ ಒಂದು ಅಂಕ, ಹೆಜ್ಜೆಗಳಿಗೆ ನಾಲ್ಕು. ಮೂರನೆಯ ಫೋಟೊಗೆ ‘ಇನ್ನೂ ಗೊತ್ತಿಲ್ಲ, ತೆಗೆದವರನ್ನು ಕೇಳಬೇಕು’ ಎಂದು ಬರೆದವರಿಗೆ ಪೂರ್ಣ ಅಂಕ.

ಅವಲೋಕನ ಮಾಡುವ ಪ್ರಶಿಕ್ಷಣಾರ್ಥಿಗಳು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಎರಡನೆಯ ಫೋಟೊವನ್ನು, ಅಂದರೆ ನಿಜವಾದದ್ದನ್ನು, ಎಷ್ಟು ಗುಂಪುಗಳು ನಕಲಿ ಎಂದು ಬರೆದವು ಎಂದು ಎಣಿಸಿ. ಮೊದಲನೆಯದನ್ನು ಎಲ್ಲರೂ ಸರಿಯಾಗಿ ಹಿಡಿದು, ಎರಡನೆಯದನ್ನು ಹೆಚ್ಚಿನವರು ನಕಲಿ ಎಂದಿದ್ದರೆ ಪಾಠ ಹೇಳಿಕೊಟ್ಟದ್ದು ಅನುಮಾನವನ್ನು ಮಾತ್ರ, ವಿಚಾರಣೆಯನ್ನಲ್ಲ. ಆಗ ನಾಲ್ಕು ಪ್ರಶ್ನೆಗಳಿಗೆ ಮತ್ತೆ ಹಿಂದಿರುಗಿ, ಆ ಎರಡನೆಯ ಫೋಟೊವನ್ನೇ ಕೈಗೆತ್ತಿಕೊಂಡು, ಅದರ ಮೂಲವನ್ನು ಗುಂಪುಗಳಿಂದಲೇ ಹುಡುಕಿಸಬೇಕು.